ಡಾಲರಿನಲ್ಲಿ ಇಳಿದ ಚಿನ್ನ ರೂಪಾಯಿಯಲ್ಲಿ ಏರಿದ ಬಗೆ

2013ರ ಆಗಸ್ಟ್ 28ರಂದು ಮುಂಬೈಯ ವಾಯಿದಾ ಮಾರುಕಟ್ಟೆ ಎಂಸಿಎಕ್ಸ್‌ನಲ್ಲಿ 10 ಗ್ರಾಂ ಚಿನ್ನದ ಬೆಲೆ 35 ಸಾವಿರ ರೂಪಾಯಿ ದಾಟಿತು. ಅಲ್ಲಿಯವರೆಗೆ ಯಾರೂ ಕಂಡಿರದ ದರ ಅದು. ಅದೇ ಹೊತ್ತಿಗೆ ಲಂಡನ್ನಿನಲ್ಲಿ ಒಂದು ಔನ್ಸ್ ಚಿನ್ನ ಸುಮಾರು 1,420 ಡಾಲರಿಗೆ ಮಾರಾಟವಾಗುತ್ತಿತ್ತು. ಡಾಲರ್ ಲೆಕ್ಕದ ದಾಖಲೆ ಎರಡು ವರ್ಷ ಹಿಂದೆಯೇ, 2011ರ ಸೆಪ್ಟೆಂಬರಿನಲ್ಲಿ, 1,900 ಡಾಲರಿನ ಆಸುಪಾಸಿನಲ್ಲಿ ಆಗಿಹೋಗಿತ್ತು. ಅಂದರೆ ಅಮೆರಿಕದವರ ಕಣ್ಣಿಗೆ ಚಿನ್ನ ಕಾಲು ಭಾಗ ಬೆಲೆ ಕಳೆದುಕೊಂಡು ಕೂತಿತ್ತು; ನಮ್ಮ ಚಿನಿವಾರಪೇಟೆಯಲ್ಲಿ ಅದೇ ಚಿನ್ನ ಹಿಂದೆಂದೂ ಇಲ್ಲದಷ್ಟು ದುಬಾರಿಯಾಗಿತ್ತು. ಡಾಲರಿನಲ್ಲಿ ಬೆಲೆ ಅಲುಗದೆ ನಿಂತಾಗ ರೂಪಾಯಿಯಲ್ಲಿ ಏರುವುದು ಆಗಾಗ ಕಾಣುವ ಸಂಗತಿ. ಅಲ್ಲಿ ಇಳಿದಿದ್ದರೂ ಇಲ್ಲಿ ದಾಖಲೆ ಮಾಡಿದ ಈ ಪ್ರಕರಣ ಒಳಗಿನ ಲೆಕ್ಕವನ್ನು ಇನ್ನೂ ಚೆನ್ನಾಗಿ ಬಿಚ್ಚಿ ತೋರಿಸುತ್ತದೆ.

ಅಂಗಡಿಯ ಫಲಕದ ಮೇಲಿನ ದರ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಮೊದಲು ನೋಡೋಣ. ಭಾರತಕ್ಕೆ ಬೇಕಾದ ಚಿನ್ನದ ಬಹುಪಾಲು ಹೊರದೇಶಗಳಿಂದ ಬರುತ್ತದೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಈಗಲೂ ಚಿನ್ನ ತೆಗೆಯುತ್ತಾರೆ, ಆದರೆ ದೇಶದ ಬೇಡಿಕೆಯ ಮುಂದೆ ಅದು ತೀರಾ ಅಲ್ಪ. ಹೊರಗಿನಿಂದ ಬಂದ ಚಿನ್ನಕ್ಕೆ ಇಲ್ಲಿ ಎಷ್ಟು ಬೀಳುತ್ತದೋ ಅದೇ ಮಾರುಕಟ್ಟೆಯ ದರ. ಹಟ್ಟಿಯ ನೆಲದಿಂದಲೇ ಬಂದ ಚಿನ್ನವನ್ನೂ ಅದಕ್ಕಿಂತ ಕಡಿಮೆಗೆ ಮಾರಬೇಕಾದ ಅಗತ್ಯ ಯಾರಿಗೂ ಇಲ್ಲ.

ಹೊರಗಿನ ಬೆಲೆ ಡಾಲರಿನಲ್ಲಿದೆ. ಯಾವಾಗಲೂ ಹಾಗಿರಲಿಲ್ಲ. ಲಂಡನ್ನಿನ ದಿನದ ದರವನ್ನು 1968ರವರೆಗೆ ಪೌಂಡಿನಲ್ಲೇ ನಿಗದಿ ಮಾಡುತ್ತಿದ್ದರು. ಈಗ ಲಂಡನ್, ನ್ಯೂಯಾರ್ಕ್ ಎರಡೂ ಡಾಲರಿನಲ್ಲಿ ಎಣಿಸುತ್ತವೆ. ತೂಕ ಮಾತ್ರ ಹಳೆಯ ಟ್ರಾಯ್ ಔನ್ಸ್. ಒಂದು ಔನ್ಸ್ ಎಂದರೆ 31.1035 ಗ್ರಾಂ.

ಈಗ ಆಗಸ್ಟ್ 28ರ ಲೆಕ್ಕ ಹಾಕೋಣ. 1,420 ಡಾಲರನ್ನು 31.1035ರಿಂದ ಭಾಗಿಸಿದರೆ ಗ್ರಾಮಿಗೆ 45 ಡಾಲರ್ 65 ಸೆಂಟ್. 10 ಗ್ರಾಮಿಗೆ ಸುಮಾರು 456 ಡಾಲರ್ 50 ಸೆಂಟ್. ಅಂದು ರೂಪಾಯಿ ಕುಸಿದು ಡಾಲರಿಗೆ 68 ರೂಪಾಯಿ 80 ಪೈಸೆಯವರೆಗೆ ಹೋಗಿತ್ತು. ಗುಣಿಸಿದರೆ 31,410 ರೂಪಾಯಿ ಆಗುತ್ತದೆ. ಅದರ ಮೇಲೆ ಶೇ 10ರ ಆಮದು ಸುಂಕ, 3,141 ರೂಪಾಯಿ. ಒಟ್ಟು 34,550. ಇದಕ್ಕೂ ಮಾರುಕಟ್ಟೆಯ 35 ಸಾವಿರಕ್ಕೂ ನಡುವೆ ಉಳಿದ ಐನೂರು ಚಿಲ್ಲರೆ ರೂಪಾಯಿ ಸಾಗಣೆ, ವಿಮೆ, ಆಮದುದಾರರ ಲಾಭ ಮತ್ತು ಸರಕಿನ ಅಭಾವಕ್ಕೆ ತೆರುವ ಪ್ರೀಮಿಯಂ ಇವುಗಳಿಗೆ ಸೇರಿದ್ದು. ಗುಟ್ಟು ಏನೂ ಇಲ್ಲ. ಕಾಗದ, ಪೆನ್ಸಿಲ್ ಇದ್ದರೆ ಯಾರಾದರೂ ಹಾಕಬಹುದಾದ ಲೆಕ್ಕ.

ಇದೇ ಲೆಕ್ಕವನ್ನು 2011ರ ಸೆಪ್ಟೆಂಬರಿಗೆ ಹಾಕಿ ನೋಡಿ. ಔನ್ಸಿಗೆ 1,900 ಡಾಲರ್ ಎಂದರೆ 10 ಗ್ರಾಮಿಗೆ 611 ಡಾಲರ್. ಆಗ ಡಾಲರಿಗೆ 46 ರೂಪಾಯಿ. ಸುಮಾರು 28,100 ರೂಪಾಯಿ ಆಯಿತು. ಆಗಿನ ಸುಂಕವೋ, 10 ಗ್ರಾಮಿಗೆ ಬರೀ 300 ರೂಪಾಯಿ. ಬೆಲೆ ಏರಲಿ ಇಳಿಯಲಿ ಅಷ್ಟೇ. ಕೂಡಿದರೆ 28,400.

ಎರಡನ್ನೂ ಪಕ್ಕಪಕ್ಕ ಇಟ್ಟರೆ ಏರಿಕೆಯ ಮೂಲ ಕಾಣುತ್ತದೆ. ಚಿನ್ನದ ಡಾಲರ್ ಬೆಲೆ 1,900ರಿಂದ 1,420ಕ್ಕೆ ಬಂತು, ಶೇ 25ರಷ್ಟು ಇಳಿಕೆ. ಡಾಲರಿನ ಬೆಲೆ 46 ರೂಪಾಯಿಯಿಂದ 68.80ಕ್ಕೆ ಹೋಯಿತು, ಶೇ 50ರಷ್ಟು ಏರಿಕೆ. ಇಲ್ಲಿ ಐವತ್ತರಲ್ಲಿ ಇಪ್ಪತ್ತೈದು ಕಳೆದು ಇಪ್ಪತ್ತೈದು ಉಳಿಯಿತು ಎನ್ನುವಂತಿಲ್ಲ. ಇವು ಒಂದನ್ನೊಂದು ಗುಣಿಸುವ ಸಂಖ್ಯೆಗಳು: 0.75ನ್ನು 1.5ರಿಂದ ಗುಣಿಸಿದರೆ 1.12, ಅಂದರೆ ಶೇ 12ರಷ್ಟು ಏರಿಕೆ. ಸುಂಕ ಒಂದು ಪೈಸೆ ಹೆಚ್ಚದೇ ಇದ್ದಿದ್ದರೂ ರೂಪಾಯಿ ಕುಸಿತವೊಂದೇ ಹಳೆಯ ಬೆಲೆಯನ್ನು ಮೀರಿಸುತ್ತಿತ್ತು. ಉಳಿದ ಏರಿಕೆ ಸುಂಕದ್ದು. ಹಳೆಯ 300 ರೂಪಾಯಿಯ ಪದ್ಧತಿಯನ್ನು ಕೈಬಿಟ್ಟು 2012ರ ಜನವರಿಯಲ್ಲಿ ಸರ್ಕಾರ ಬೆಲೆಯ ಶೇ 2ರಷ್ಟು ಸುಂಕ ಹಾಕಿತು. ಅದು 4 ಆಯಿತು, 6 ಆಯಿತು, 8 ಆಯಿತು, 2013ರ ಆಗಸ್ಟ್ ನಡುವಿನ ಹೊತ್ತಿಗೆ 10 ಆಯಿತು. ಹೀಗೆ ಶೇಕಡಾವಾರು ಸುಂಕ ಬಂದಮೇಲೆ ರೂಪಾಯಿ ಬಿದ್ದಾಗಲೆಲ್ಲ ಸುಂಕವೂ ತಾನಾಗಿ ಹಿಗ್ಗುತ್ತದೆ.

ಆಗಸ್ಟ್ 28ರ ಆ ಒಂದು ದಿನದ ಒಳಗೇ ಇದನ್ನು ಇನ್ನೂ ಹತ್ತಿರದಿಂದ ಕಾಣಬಹುದು. ಹಿಂದಿನ ಸಂಜೆ ಡಾಲರಿಗೆ 66 ರೂಪಾಯಿ ಚಿಲ್ಲರೆ ಇದ್ದದ್ದು ಮರುದಿನ ಎರಡೂವರೆ ರೂಪಾಯಿ ಮೇಲೆ ಹೋಯಿತು. 10 ಗ್ರಾಮಿನಲ್ಲಿ 456 ಡಾಲರ್ ಅಡಗಿರುವುದರಿಂದ, ಡಾಲರ್ ಒಂದು ರೂಪಾಯಿ ಹೆಚ್ಚಾದರೆ ಚಿನ್ನಕ್ಕೆ 456 ರೂಪಾಯಿ, ಸುಂಕ ಸೇರಿ 500 ರೂಪಾಯಿ ಹೆಚ್ಚು. ಎರಡೂವರೆ ರೂಪಾಯಿಗೆ 1,250. ಲಂಡನ್ನಿನಲ್ಲಿ ಬೆಲೆ ಒಂದು ಸೆಂಟ್ ಏರದಿದ್ದರೂ ದಾವಣಗೆರೆಯಲ್ಲಿ ಮಗಳ ಮದುವೆಗೆ ನೂರು ಗ್ರಾಂ ಕೊಳ್ಳಲು ಹೊರಟವರ ಖರ್ಚು ರಾತ್ರಿ ಕಳೆಯುವುದರೊಳಗೆ ಹನ್ನೆರಡು ಸಾವಿರ ರೂಪಾಯಿ ಹೆಚ್ಚಾಗಿತ್ತು. ಅದು ಅಪರಂಜಿಯ ಲೆಕ್ಕ. ಒಡವೆಗೆ ಬಳಸುವ 22 ಕ್ಯಾರೆಟ್ಟಾದರೆ 0.916ರಿಂದ ಗುಣಿಸಿಕೊಳ್ಳಬೇಕು, ಮೇಲೆ ಕೂಲಿ ಮತ್ತು ವೇಸ್ಟೇಜ್ ಬೇರೆ.

ರೂಪಾಯಿ ಬಿದ್ದದ್ದಕ್ಕೂ ಡಾಲರಿನಲ್ಲಿ ಚಿನ್ನ ಇಳಿದದ್ದಕ್ಕೂ ಸಂಬಂಧವಿಲ್ಲ ಎಂದುಕೊಂಡರೆ ಅರ್ಧ ಕಥೆ ತಪ್ಪಿಹೋಗುತ್ತದೆ. 2013ರ ಮೇ ತಿಂಗಳಲ್ಲಿ ಅಮೆರಿಕದ ಫೆಡರಲ್ ರಿಸರ್ವ್‌ನ ಮುಖ್ಯಸ್ಥ ಬೆನ್ ಬರ್ನಾಂಕಿ, ಮಾರುಕಟ್ಟೆಗೆ ಹಣ ಹರಿಸುವುದನ್ನು ಮುಂದೆ ಕಡಿಮೆ ಮಾಡಬಹುದು ಎಂಬ ಸೂಚನೆ ಕೊಟ್ಟರು. ಅಮೆರಿಕದಲ್ಲಿ ಬಡ್ಡಿ ಏರುವ ನಿರೀಕ್ಷೆ ಹುಟ್ಟಿದರೆ, ಬಡ್ಡಿ ಕೊಡದ ಚಿನ್ನವನ್ನು ಹಿಡಿದು ಕೂರುವ ಆಸೆ ಕುಗ್ಗುತ್ತದೆ; ಏಪ್ರಿಲ್‌ನಲ್ಲೇ ಜಾರಿದ್ದ ಚಿನ್ನ ಜೂನ್ ಕೊನೆಗೆ 1,200 ಡಾಲರಿನ ಹತ್ತಿರ ಬಂತು. ಅದೇ ನಿರೀಕ್ಷೆಯಿಂದ ಭಾರತದಂಥ ದೇಶಗಳಲ್ಲಿ ಹೂಡಿದ್ದ ಹಣವೂ ವಾಪಸು ಹೊರಟಿತು. ನಮ್ಮ ಚಾಲ್ತಿ ಖಾತೆ ಕೊರತೆ 2012–13ರಲ್ಲಿ ಜಿಡಿಪಿಯ ಶೇ 4.8 ಮುಟ್ಟಿತ್ತು, ಅದಕ್ಕೆ ಚಿನ್ನದ ಆಮದೂ ಒಂದು ದೊಡ್ಡ ಕಾರಣ. ಹಾಗಾಗಿ ಮೇ ಆರಂಭದಲ್ಲಿ 54ರ ಆಸುಪಾಸಿನಲ್ಲಿದ್ದ ಡಾಲರ್ ಆಗಸ್ಟ್ ಕೊನೆಗೆ 68 ದಾಟಿತು. ಆಗಸ್ಟ್‌ನಲ್ಲಿ ಸಿರಿಯಾ ಯುದ್ಧದ ಭಯ ಸೇರಿಕೊಂಡು ಚಿನ್ನ 1,420ಕ್ಕೆ ಚೇತರಿಸಿಕೊಂಡಿತು, ತೈಲದ ಬೆಲೆಯೂ ಏರಿ ರೂಪಾಯಿಗೆ ಮತ್ತೊಂದು ಏಟು ಬಿತ್ತು. ಡಾಲರ್ ಬಲಗೊಳ್ಳುವ ದಿನಗಳಲ್ಲಿ ಡಾಲರ್ ಬೆಲೆಯ ಚಿನ್ನ ಇಳಿಯುವುದು, ರೂಪಾಯಿಯೂ ಇಳಿಯುವುದು ಹೀಗೆ ಒಟ್ಟಿಗೆ ನಡೆಯುವುದು ಅಪರೂಪವಲ್ಲ. ಒಂದರ ನಷ್ಟವನ್ನು ಇನ್ನೊಂದು ತುಂಬಿಕೊಡುತ್ತದೆ. ಚಿನ್ನ ಎಂದೂ ಇಳಿಯುವುದಿಲ್ಲ ಎಂದು ನಮ್ಮ ಹಿರಿಯರು ಹೇಳಿಕೊಂಡು ಬಂದದ್ದಕ್ಕೆ ಇದೂ ಒಂದು ಕಾರಣ ಇರಬೇಕು. ಅವರು ನೋಡಿದ್ದು ರೂಪಾಯಿಯ ದರವನ್ನಷ್ಟೇ.

ಇದು ನಮ್ಮ ನಾಡಿಗಷ್ಟೇ ಬಂದ ಪಾಡಲ್ಲ. 2023ರ ಆಗಸ್ಟ್ ಕೊನೆಯಲ್ಲಿ ಜಪಾನಿನ ಅಂಗಡಿ ದರ ಮೊದಲ ಸಲ ಗ್ರಾಮಿಗೆ 10 ಸಾವಿರ ಯೆನ್ ದಾಟಿತು. ಆಗ ಡಾಲರ್ ಬೆಲೆ 1,920ರ ಸುತ್ತಮುತ್ತ, 2020ರ ದಾಖಲೆಗಿಂತ ಕೆಳಗೇ ಇತ್ತು. ಅಲ್ಲಿ ಕುಸಿದಿದ್ದದ್ದು ಯೆನ್, ಮೇಲೆ ಶೇ 10ರ ಬಳಕೆ ತೆರಿಗೆ.

ಲೆಕ್ಕ ತಾಳೆಯಾಗದ ದಿನಗಳೂ ಇವೆ. 2013ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್, ಆಮದಾದ ಚಿನ್ನದಲ್ಲಿ ಐದನೇ ಒಂದು ಪಾಲನ್ನು ರಫ್ತಿಗೆ ಮೀಸಲಿಡಬೇಕೆಂಬ 80:20 ನಿಯಮ ತಂದಿತು. ಆಮದು ಬಿಗಿಯಾಗಿ ಸರಕು ಸಿಗದಾಯಿತು. ಡಿಸೆಂಬರ್ ಹೊತ್ತಿಗೆ ವರ್ತಕರು ಲಂಡನ್ ಬೆಲೆಯ ಮೇಲೆ ಔನ್ಸಿಗೆ 100 ಡಾಲರಿಗೂ ಹೆಚ್ಚು ಪ್ರೀಮಿಯಂ ತೆರುತ್ತಿದ್ದರು. ಆಗ ಡಾಲರ್ ಬೆಲೆ 1,200ರ ಆಸುಪಾಸು, ಡಾಲರಿಗೆ 62 ರೂಪಾಯಿ. ಲೆಕ್ಕ ಹಾಕಿದರೆ ಸುಂಕ ಸೇರಿ 26 ಸಾವಿರ ಚಿಲ್ಲರೆ ಬರಬೇಕು, ಪೇಟೆಯಲ್ಲಿ 28 ಸಾವಿರದ ಮೇಲಿತ್ತು. ನೀವು ಹಾಕಿದ ಲೆಕ್ಕಕ್ಕೂ ಪೇಟೆಯ ದರಕ್ಕೂ ಇಷ್ಟು ಅಂತರ ಬಂದರೆ ಒಂದೋ ಸರಕಿನ ಅಭಾವ, ಇಲ್ಲವೇ ಸುಂಕ ಬದಲಾಗಿದೆ ಎಂದು ಅನುಮಾನಿಸಬಹುದು. ಹೋಲಿಸುವಾಗ ಜಿಎಸ್‌ಟಿ ಸೇರಿದ ದರವೋ ಸೇರದ ದರವೋ ಎಂದು ಕೇಳಿಕೊಳ್ಳಿ. 2017ರ ಜುಲೈಯಿಂದ ಚಿನ್ನಕ್ಕೆ ಶೇ 3ರ ಜಿಎಸ್‌ಟಿ ಇದೆ.

ಆಗಸ್ಟ್ 28ರ ಆ ದಾಖಲೆ ರೂಪಾಯಿಯಲ್ಲಿ 2019ರ ನಡುಭಾಗದವರೆಗೆ ಮುರಿಯಲಿಲ್ಲ. ಮುರಿದಾಗಲೂ ಆ ವರ್ಷದ ಬಜೆಟ್ ಸುಂಕವನ್ನು 10ರಿಂದ 12.5ಕ್ಕೆ ಏರಿಸಿದ್ದು ಕೈಜೋಡಿಸಿತ್ತು. ಡಾಲರಿನ 2011ರ ದಾಖಲೆ ಮುರಿದದ್ದು ಮತ್ತೊಂದು ವರ್ಷದ ಮೇಲೆ, 2020ರ ಜುಲೈನಲ್ಲಿ.

ಸುಂಕದಿಂದ ಬಂದ ಏರಿಕೆಯನ್ನು ಲಾಭವೆಂದು ನೆಚ್ಚಿಕೊಳ್ಳುವುದು ಜಾಣತನವಲ್ಲ. ರೂಪಾಯಿ ನಿಧಾನವಾಗಿ ಸವೆಯುವುದು ದಶಕಗಳ ರೂಢಿ. ಒಮ್ಮೆ ಬಿದ್ದದ್ದು ಹಳೆಯ ಜಾಗಕ್ಕೆ ಪೂರ್ತಿ ಮರಳುವುದು ಅಪರೂಪ. ಸುಂಕವೋ ಒಂದು ಅಧಿಸೂಚನೆಯಲ್ಲಿ ಹೋಗಿಬಿಡಬಹುದು. 2024ರ ಜುಲೈ 23ರ ಬಜೆಟ್ಟಿನಲ್ಲಿ ಚಿನ್ನದ ಸುಂಕ ಶೇ 15ರಿಂದ 6ಕ್ಕೆ ಇಳಿಯಿತು. ಅಂದು ಲಂಡನ್ನಿನಲ್ಲಿ ಬೆಲೆ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಇಲ್ಲಿ 10 ಗ್ರಾಮಿಗೆ ಸುಮಾರು 4 ಸಾವಿರ ರೂಪಾಯಿ ಇಳಿದು, ಹಿಂದಿನ ದಿನ ಗಟ್ಟಿ ಕೊಂಡವರು ಅಷ್ಟೂ ನಷ್ಟ ಅನುಭವಿಸಿದರು.