ನಾಲ್ಕು ಸಾವಿರ ಜನರಿಗೆ ಹೋದ ಆಹ್ವಾನ

ಒಂದು ಕಥೆ ಕಟ್ಟಿಕೊಳ್ಳೋಣ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲೊಂದು ಕಂಪನಿ, ನಾಲ್ಕು ಸಾವಿರ ನೌಕರರು. ಅಲ್ಲಿಗೆ ಇಂಟರ್ನ್ ಆಗಿ ಬಂದ ಹುಡುಗಿಯೊಬ್ಬಳು ತಾನು ಮಾಡಿದ ಕೆಲಸವನ್ನು ತಂಡದ ಆರು ಜನರಿಗೆ ತೋರಿಸಬೇಕಿತ್ತು. ಗುರುವಾರ ಸಂಜೆ ನಾಲ್ಕು ಗಂಟೆಗೆ ಎಂಟು ಕುರ್ಚಿಗಳ ಮೀಟಿಂಗ್ ರೂಮು ಬುಕ್ ಮಾಡಿ, ಔಟ್‌ಲುಕ್‌ನಲ್ಲಿ ಕ್ಯಾಲೆಂಡರ್ ಆಹ್ವಾನ ತಯಾರಿಸಿದಳು. ‘ನನ್ನ ಮೊದಲ ಡೆಮೊ, ದಯವಿಟ್ಟು ಬನ್ನಿ’ ಎಂದು ವಿಷಯ ಬರೆದಳು. ಯಾರಿಗೆ ಎಂಬ ಜಾಗದಲ್ಲಿ BLR-A ಎಂದು ಟೈಪ್ ಮಾಡುವಷ್ಟರಲ್ಲಿ ಕೆಳಗೆ ಹೆಸರುಗಳು ತಾವಾಗಿಯೇ ಮೂಡಿದವು. ಅವಳಿಗೆ ಬೇಕಿದ್ದುದು BLR-Analytics. ಮೊದಲ ಸಾಲಿನಲ್ಲಿದ್ದುದು BLR-All. ಎಂಟರ್ ಒತ್ತಿ ಕಳಿಸಿಬಿಟ್ಟಳು.

ಇಲ್ಲಿಂದ ಮುಂದೆ ಏನಾಗುತ್ತದೆ ಎನ್ನುವುದು ತಿಳಿಯಬೇಕಾದರೆ ಕ್ಯಾಲೆಂಡರ್ ಆಹ್ವಾನಕ್ಕೂ ಸಾದಾ ಇಮೇಲ್‌ಗೂ ಇರುವ ವ್ಯತ್ಯಾಸ ಗೊತ್ತಿರಬೇಕು. ತಪ್ಪಿ ಬಂದ ಇಮೇಲನ್ನು ಓದಿ ಅಳಿಸಿದರೆ ಮುಗಿಯಿತು. ಆಹ್ವಾನ ಹಾಗಲ್ಲ. ನೀವು ಒಪ್ಪುವ ಮೊದಲೇ ಅದು ನಿಮ್ಮ ದಿನಚರಿಯಲ್ಲಿ ತಾತ್ಕಾಲಿಕವಾಗಿ ಜಾಗ ಹಿಡಿದು ಕೂತಿರುತ್ತದೆ. ಸಾಮಾನ್ಯವಾಗಿ ಸಭೆಗೆ ಹದಿನೈದು ನಿಮಿಷ ಮುಂಚೆ ಪರದೆಯ ಮೇಲೆ ನೆನಪೋಲೆ ಬರುತ್ತದೆ. ಅಂದರೆ ಗುರುವಾರ ಮೂರೂ ಮುಕ್ಕಾಲಿಗೆ ಸರಿಯಾಗಿ, ಸಂಬಳ ಹಾಕುವವರಿಂದ ಹಿಡಿದು ಮುಖ್ಯಸ್ಥರವರೆಗೆ, ಎಲ್ಲರ ಕಂಪ್ಯೂಟರುಗಳಲ್ಲೂ ಆ ಹುಡುಗಿಯ ಹೆಸರು ಮೂಡಬೇಕು.

ಅದಕ್ಕೂ ಮೊದಲೇ ಉತ್ತರಗಳು ಶುರುವಾದವು. ಆಹ್ವಾನಕ್ಕೆ ‘ಬರುತ್ತೇನೆ’, ‘ನೋಡೋಣ’, ‘ಆಗುವುದಿಲ್ಲ’ ಎಂದು ಯಾರು ಒತ್ತಿದರೂ ಆ ಉತ್ತರ ಕರೆದವರಿಗೆ ಮಾತ್ರ ಹೋಗುತ್ತದೆ. ಹಾಗಾಗಿ ಮೊದಲ ಹತ್ತು ನಿಮಿಷ ಗದ್ದಲವೆಲ್ಲ ಅವಳ ಇನ್‌ಬಾಕ್ಸ್‌ನಲ್ಲೇ. ಪೂರ್ತಿ ಅಪರಿಚಿತರು ಬರಲಾಗದ್ದಕ್ಕೆ ಕ್ಷಮೆ ಕೇಳಿದರು. ಇನ್ನು ಕೆಲವರು ಒಳ್ಳೆಯ ಮನಸ್ಸಿನಿಂದಲೇ ಒಪ್ಪಿಕೊಂಡರು. ಆಮೇಲೆ ಯಾರೋ ಒಬ್ಬರು ‘ಎಲ್ಲರಿಗೂ ಉತ್ತರಿಸು’ ಒತ್ತಿ, ‘ಇದು ನನಗೆ ಯಾಕೆ ಬಂತು?’ ಎಂದು ಕೇಳಿದರು. ಆ ಒಂದು ಸಾಲು ನಾಲ್ಕು ಸಾವಿರ ಪ್ರತಿಗಳಾಗಿ ಹರಡಿತು. ‘ನನಗೂ ಬಂದಿದೆ’ ಎಂದರು ಇನ್ನೊಬ್ಬರು. ‘ದಯವಿಟ್ಟು ಎಲ್ಲರಿಗೂ ಉತ್ತರಿಸಬೇಡಿ’ ಎಂದು ಮೂರನೆಯವರು ಎಲ್ಲರಿಗೂ ಬರೆದರು.

ಈ ಬಗೆಯ ಸರಣಿಗೆ ಹಳೆಯ ಇತಿಹಾಸವಿದೆ. 1997ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಕಂಪನಿಯೊಳಗೇ Bedlam DL3 ಎಂಬ ವಿಳಾಸಪಟ್ಟಿಯಲ್ಲಿ ತನ್ನ ಹೆಸರಿರುವುದನ್ನು ಕಂಡ ಒಬ್ಬ ನೌಕರರು, ತನ್ನನ್ನು ತೆಗೆಯಿರಿ ಎಂದು ಆ ಪಟ್ಟಿಗೇ ಬರೆದರು. ಸಾವಿರಾರು ಜನರಿದ್ದ ಪಟ್ಟಿ ಅದು. ನನ್ನನ್ನೂ ತೆಗೆಯಿರಿ ಎಂಬ ಉತ್ತರಗಳು ಸೇರಿ ಸುಮಾರು ಒಂದೂವರೆ ಕೋಟಿ ಸಂದೇಶಗಳು ಓಡಾಡಿದವೆಂದು ಅಲ್ಲಿನವರೇ ಮುಂದೆ ಅಂದಾಜು ಮಾಡಿದರು. ಇಮೇಲ್ ವ್ಯವಸ್ಥೆ ಕಟ್ಟುವವರ ಮನೆಯಲ್ಲೇ ಇದು ನಡೆಯಿತು ಎನ್ನುವುದನ್ನು ಗಮನಿಸಿ.

ನಮ್ಮ ಹುಡುಗಿಗೆ ಹೊಳೆದ ಮೊದಲ ಉಪಾಯ, ಆ ಸಭೆಯನ್ನೇ ಅಳಿಸಿಬಿಡುವುದು. ಅತಿ ದೊಡ್ಡ ಅಪಾಯ ಇರುವುದು ಇಲ್ಲೇ. ರದ್ದತಿಯ ಸೂಚನೆ ಕಳಿಸದೆ ತನ್ನ ಕ್ಯಾಲೆಂಡರ್‌ನಿಂದ ಮಾತ್ರ ಸಭೆಯನ್ನು ತೆಗೆದುಹಾಕಿದರೆ, ಉಳಿದವರ ಕ್ಯಾಲೆಂಡರುಗಳಲ್ಲಿ ಅದು ಹಾಗೇ ಉಳಿಯುತ್ತದೆ. ಕರೆದವರ ಬಳಿ ಮೂಲವೇ ಇಲ್ಲದ ಮೇಲೆ ಆ ಅನಾಥ ಸಭೆಯನ್ನು ರದ್ದು ಮಾಡುವುದು ಕಷ್ಟ. ಐಟಿ ವಿಭಾಗದವರು ಒಂದೊಂದೇ ಖಾತೆಯನ್ನು ಹುಡುಕಿ ಕಿತ್ತು ಹಾಕಬೇಕಾಗಬಹುದು. ಅವಳ ಕೈ ಮೌಸ್ ಮೇಲಿರುವಾಗಲೇ ಪಕ್ಕದ ಸಾಲಿನಿಂದ ಮ್ಯಾನೇಜರ್ ಎದ್ದು ಬಂದರು.

“ಅಳಿಸಬೇಡಮ್ಮ, ಒಂದ್ನಿಮಿಷ ತಡಿ. ಇನ್ನೇನಾದ್ರೂ ಕಳಿಸಿದ್ಯಾ?”

“ಇಲ್ಲ ಸರ್. ಎಲ್ಲರಿಗೂ ಸಾರಿ ಅಂತ ಒಂದು ಮೇಲ್ ಹಾಕ್ತಾ ಇದ್ದೆ.”

“ಅದೂ ಬೇಡ. ಸಭೆ ತೆಗಿ, ಕ್ಯಾನ್ಸಲ್ ಅಂತ ಒತ್ತು, ಎರಡು ಸಾಲು ಬರಿ, ಕಳಿಸು. ಅಷ್ಟೇ. ಆಮೇಲೆ ಯಾರಿಗೂ ಉತ್ತರ ಕೊಡ್ಬೇಡ. ಐಟಿಯವರಿಗೆ ನಾನು ಫೋನ್ ಮಾಡ್ತೀನಿ.”

ಆ ಮ್ಯಾನೇಜರ್ ಹೇಳಿದ್ದರಲ್ಲಿ ಒಂದಕ್ಷರವೂ ಹೆಚ್ಚಿಲ್ಲ. ರದ್ದತಿ ಸೂಚನೆಯೂ ನಾಲ್ಕು ಸಾವಿರ ಜನರಿಗೆ ಹೋಗುತ್ತದೆ ನಿಜ, ಆದರೆ ಎಲ್ಲರ ದಿನಚರಿಯಿಂದ ಸಭೆಯನ್ನು ಎತ್ತುವ ನೇರ ದಾರಿ ಅದೊಂದೇ. ಕ್ಷಮೆ ಕೇಳುವುದಿದ್ದರೆ ಅದರಲ್ಲೇ ಕೇಳಬೇಕು. ಬೇರೆ ಮೇಲ್ ಹಾಕಿದರೆ ಅದು ಎಲ್ಲರಿಗೂ ಉತ್ತರಿಸಲು ಹೊಸದೊಂದು ಎಳೆ ಒದಗಿಸುತ್ತದೆ. ಇಮೇಲನ್ನು ವಾಪಸ್ ಕರೆಸುವ ಸೌಲಭ್ಯವನ್ನು ನಂಬಿಕೊಳ್ಳುವುದೂ ಬೇಡ, ಅದು ಇರುವುದು ಸಾದಾ ಸಂದೇಶಗಳಿಗೆ. ಅವಳು ಬರೆದ ಎರಡು ಸಾಲು ಇಷ್ಟು: ‘ಈ ಆಹ್ವಾನ ನನ್ನ ತಪ್ಪಿನಿಂದ ಎಲ್ಲರಿಗೂ ಬಂದಿದೆ, ರದ್ದು ಮಾಡಿದ್ದೇನೆ. ತೊಂದರೆಗೆ ಕ್ಷಮಿಸಿ, ಉತ್ತರಿಸುವ ಅಗತ್ಯವಿಲ್ಲ.’

ತಪ್ಪು ಅವಳದು ಎಂದು ಅವಳೇ ಬರೆದಳು. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಕಂಪನಿಗೆ ಬಂದು ಕೆಲವೇ ವಾರಗಳಾದ ಇಂಟರ್ನ್‌ಗೆ ಇಡೀ ಕಂಪನಿಯ ವಿಳಾಸಪಟ್ಟಿ ಏಕೆ ತೆರೆದಿತ್ತು? ಇಂಥ ಪಟ್ಟಿಗೆ ಯಾರು ಬರೆಯಬಹುದು ಎಂದು ನಿಗದಿ ಮಾಡುವ ವ್ಯವಸ್ಥೆ ಇಮೇಲ್ ಸರ್ವರುಗಳಲ್ಲಿ ಇದೆ. ಮಾನವ ಸಂಪನ್ಮೂಲದವರು, ಮುಖ್ಯಸ್ಥರ ಕಚೇರಿಯವರು, ಹೀಗೆ ನಾಲ್ಕೈದು ಜನರಿಗೆ ಮಾತ್ರ ಅನುಮತಿ ಕೊಟ್ಟು, ಉಳಿದವರ ಸಂದೇಶ ಒಬ್ಬರ ಒಪ್ಪಿಗೆಗೆ ಕಾಯುವಂತೆ ಮಾಡಬಹುದು. ಹಾಗಿದ್ದಿದ್ದರೆ ಅವಳ ಆಹ್ವಾನ ಒಬ್ಬರ ಮುಂದೆ ನಿಂತು, ಅವರು ಬೇಡವೆಂದು ಒತ್ತಿ, ಯಾರಿಗೂ ತಿಳಿಯದೆ ಮುಗಿದುಹೋಗುತ್ತಿತ್ತು. ಈ ಸಂದೇಶ ಇಷ್ಟು ಜನರಿಗೆ ಹೋಗುತ್ತಿದೆ ಎಂದು ಕಳಿಸುವ ಮುಂಚೆ ಔಟ್‌ಲುಕ್ ಸಣ್ಣಗೆ ಎಚ್ಚರಿಸುವುದೂ ಉಂಟು. ಆದರೆ ಅವಸರದಲ್ಲಿರುವ ಕಣ್ಣಿಗೆ ಆ ಪಟ್ಟಿ ಬೀಳುವುದು ಕಡಿಮೆ. ಎಚ್ಚರಿಕೆಗಿಂತ ಬೀಗ ಮೇಲು.

2016ರ ನವೆಂಬರ್‌ನಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಒಂದು ಪರೀಕ್ಷಾ ಇಮೇಲ್ ಎಂಟು ಲಕ್ಷಕ್ಕೂ ಹೆಚ್ಚು ನೌಕರರಿಗೆ ಹೋಯಿತು. ಎಲ್ಲರ ಬೆರಳೂ ಕಳಿಸಿದ ವ್ಯಕ್ತಿಯ ಕಡೆಗೇ. ಅವರು ಒಂದು ಸಣ್ಣ ಗುಂಪಿಗೆ ಪಟ್ಟಿ ಮಾಡಲು ಹೋಗಿದ್ದರು, ಇಮೇಲ್ ವ್ಯವಸ್ಥೆ ಒದಗಿಸಿದ ಕಂಪನಿಯ ತಂತ್ರಾಂಶದ ದೋಷದಿಂದ ಅದರಲ್ಲಿ ಎಲ್ಲರೂ ಸೇರಿಕೊಂಡಿದ್ದರು ಎಂದು ಆಮೇಲೆ ಆ ಸಂಸ್ಥೆಯೇ ಹೇಳಿತು. 2021ರ ಜೂನ್‌ನಲ್ಲಿ ಎಚ್‌ಬಿಒ ಮ್ಯಾಕ್ಸ್ ತನ್ನ ಚಂದಾದಾರರಲ್ಲಿ ಒಂದು ಭಾಗಕ್ಕೆ ಖಾಲಿ ಪರೀಕ್ಷಾ ಇಮೇಲ್ ಕಳಿಸಿ, ಇದು ಇಂಟರ್ನ್ ಮಾಡಿದ್ದು, ಅವರಿಗೆ ನಾವು ನೆರವಾಗುತ್ತಿದ್ದೇವೆ ಎಂದಿತು. ಅದನ್ನು ಕಂಡ ಜನ ಟ್ವಿಟರ್‌ನಲ್ಲಿ ‘ಪ್ರಿಯ ಇಂಟರ್ನ್’ ಎಂದು ಶುರುಮಾಡಿ, ತಾವು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಾಡಿದ ಎಡವಟ್ಟುಗಳನ್ನು ಬರೆದುಕೊಂಡರು. ಗುರುತಿಲ್ಲದ ಒಬ್ಬ ಕಿರಿಯರಿಗೆ ಅಷ್ಟು ಹಿರಿಯರು ಜೊತೆ ನಿಂತದ್ದು ನನಗೆ ಇವತ್ತಿಗೂ ಸಂತೋಷ ಕೊಡುವ ಸಂಗತಿ.

ಉತ್ತರಗಳ ಹೊಳೆಯನ್ನು ತಡೆಯುವ ಉಪಾಯವನ್ನು ಮೈಕ್ರೋಸಾಫ್ಟ್ 2020ರಲ್ಲಿ ತನ್ನ ಆನ್‌ಲೈನ್ ಸೇವೆಗೆ ಸೇರಿಸಿತು. ಐದು ಸಾವಿರಕ್ಕೂ ಹೆಚ್ಚು ಜನರಿಗೆ ಒಂದು ಗಂಟೆಯೊಳಗೆ ಹತ್ತು ಬಾರಿ ‘ಎಲ್ಲರಿಗೂ ಉತ್ತರಿಸು’ ಆದರೆ, ಮುಂದಿನ ನಾಲ್ಕು ಗಂಟೆ ಆ ಎಳೆಗೆ ಯಾರೂ ಹಾಗೆ ಉತ್ತರಿಸಲಾಗುತ್ತಿರಲಿಲ್ಲ. ಆರಂಭದ ಆ ಅಳತೆಯಲ್ಲಿ ನಮ್ಮ ಕಥೆಯ ನಾಲ್ಕು ಸಾವಿರ ಜನರ ಕಂಪನಿ ಬಲೆಗೆ ಬೀಳುವುದೇ ಇಲ್ಲ. ಹಾಗಾಗಿ ಅಲ್ಲಿ ಐಟಿಯವರು ಪಟ್ಟಿಯನ್ನೇ ಸ್ವಲ್ಪ ಹೊತ್ತು ಮುಚ್ಚಿದರು. ಅರ್ಧ ಗಂಟೆಯಲ್ಲಿ ಸದ್ದಡಗಿತು.

ಮರುದಿನ BLR-All ಪಟ್ಟಿಗೆ ಐದು ಜನರ ಅನುಮತಿಯ ಬೇಲಿ ಬಿತ್ತು. ಹೆಸರು ಬದಲಿಸಿ, ಟೈಪ್ ಮಾಡುವಾಗ ಮೊದಲು ಮೂಡದಂತೆಯೂ ಮಾಡಿದರು. ಹುಡುಗಿ ಹೊಸ ಆಹ್ವಾನದಲ್ಲಿ ಆರು ಹೆಸರುಗಳನ್ನು ಒಂದೊಂದಾಗಿ ಸೇರಿಸಿದಳು. ರದ್ದಾದ ಆಹ್ವಾನದಿಂದ ಅವಳ ಕೆಲಸದ ಸುದ್ದಿ ತಿಳಿದಿದ್ದ ಬೇರೆ ವಿಭಾಗದ ಇಬ್ಬರು ತಾವೂ ನೋಡಬಹುದೇ ಎಂದು ಕೇಳಿದ್ದರು. ಎಂಟು ಕುರ್ಚಿಗಳೂ ತುಂಬಿದವು, ಅವಳು ನಿಂತೇ ಡೆಮೊ ಕೊಟ್ಟಳು.