ಪಲ್ಲವಿ ಮುಗಿದ ಮೇಲೆ ಗಿಟಾರ್

ಎಪ್ಪತ್ತರ ದಶಕದ ಕೊನೆಯ ಯಾವುದಾದರೂ ಕನ್ನಡ ಯುಗಳಗೀತೆಯನ್ನು ಹಾಕಿಕೊಂಡು, ಗಾಯಕರ ದನಿಯನ್ನು ಬೇಕೆಂದೇ ಮರೆತು ಕೇಳಿ. ಪಲ್ಲವಿ ನಡೆಯುವಾಗ ತಬಲಾ ಅಥವಾ ಢೋಲಕ್, ಹಿಂದೆ ಪಿಟೀಲುಗಳ ಒಂದು ಎಳೆ, ಅಲ್ಲೆಲ್ಲೋ ಮೆಲ್ಲಗೆ ಮೀಟುವ ಗಿಟಾರ್. ಪಲ್ಲವಿ ಮುಗಿದು ಚರಣ ಇನ್ನೂ ಶುರುವಾಗದ ಆ ಹದಿನೈದಿಪ್ಪತ್ತು ಸೆಕೆಂಡುಗಳಲ್ಲಿ ಮಾತ್ರ ಹಾಡು ಬೇರೆ ಊರಿಗೆ ಹೋಗಿ ಬರುತ್ತದೆ. ಡ್ರಮ್ ಸೆಟ್ ಎದ್ದು ಕೇಳುತ್ತದೆ, ಬೇಸ್ ಗಿಟಾರ್ ಓಡಾಡುತ್ತದೆ, ಎಲೆಕ್ಟ್ರಿಕ್ ಗಿಟಾರ್ ಒಂದು ಸಾಲು ನುಡಿಸುತ್ತದೆ. ಚರಣ ಬಂದ ಕೂಡಲೇ ಎಲ್ಲರೂ ತೆಪ್ಪಗಾಗುತ್ತಾರೆ, ತಬಲಾ ಮತ್ತೆ ಬಂದು ಕೂರುತ್ತದೆ.

ನಮ್ಮ ಸಿನಿಮಾ ಹಾಡು ರಾಕ್ ಸಂಗೀತದಿಂದ ಪಡೆದ ಸಾಲ ಬಹುಕಾಲ ಇಷ್ಟೇ ಆಗಿತ್ತು. ವಾದ್ಯಗಳು ಬಂದವು, ಅವುಗಳಿಗೆ ಸಿಕ್ಕ ಜಾಗ ಮಾತ್ರ ಹಾಡಿನ ಸಂದಿಗಳಲ್ಲಿ. ಸಂದಿಯಿಂದ ಹಾಡಿನ ಒಳಕ್ಕೆ ಬರಲು ಅವಕ್ಕೆ ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಇದಕ್ಕೆ ಸಂಗೀತ ನಿರ್ದೇಶಕರ ಅಂಜಿಕೆಯೇ ಕಾರಣ ಎಂದುಕೊಂಡರೆ ಅರ್ಧ ಸತ್ಯ. ಉಳಿದರ್ಧ ರೆಕಾರ್ಡಿಂಗ್ ಕೋಣೆಯಲ್ಲಿತ್ತು.

ಆಗ ಕನ್ನಡ ಹಾಡುಗಳು ಹುಟ್ಟುತ್ತಿದ್ದದ್ದು ಹೆಚ್ಚಾಗಿ ಮದ್ರಾಸಿನಲ್ಲಿ. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್-ನಾಗೇಂದ್ರ, ಎಂ. ರಂಗರಾವ್, ಸತ್ಯಂ, ಉಪೇಂದ್ರಕುಮಾರ್ ಎಲ್ಲರೂ ಕೆಲಸ ಮಾಡುತ್ತಿದ್ದದ್ದು ಅಲ್ಲಿನ ವಾದಕರೊಂದಿಗೆ. ಬೆಳಿಗ್ಗೆ ತೆಲುಗು ಹಾಡಿಗೆ, ಮಧ್ಯಾಹ್ನ ತಮಿಳಿಗೆ, ಸಂಜೆ ಕನ್ನಡಕ್ಕೆ ನುಡಿಸುವ ಜನ ಅವರು. ಗಿಟಾರ್, ಡ್ರಮ್ಸ್, ಸ್ಯಾಕ್ಸೊಫೋನ್ ನುಡಿಸುವವರಲ್ಲಿ ಅನೇಕರು ಚರ್ಚು, ಬ್ಯಾಂಡು, ಹೋಟೆಲಿನ ನೃತ್ಯಸಂಗೀತ ಇವುಗಳಿಂದ ಬಂದವರು. ಪಾಶ್ಚಾತ್ಯ ಸ್ವರಲಿಪಿ ಓದಬಲ್ಲವರು. ರಾಕ್ ಎಂಬುದು ಕನ್ನಡಕ್ಕೆ ಲಂಡನ್ನಿನಿಂದ ನೇರವಾಗಿ ಬಂದದ್ದಲ್ಲ, ಕೋಡಂಬಾಕ್ಕದ ಸ್ಟುಡಿಯೊಗಳ ಮೂಲಕ ಬಂತು.

ಅಂಥ ಸ್ಟುಡಿಯೊದಲ್ಲಿ ಒಂದು ಹಾಡಿನ ರೆಕಾರ್ಡಿಂಗ್ ಹೇಗಿರುತ್ತಿತ್ತು ನೋಡಿ. ಈಗಿನಂತೆ ಒಬ್ಬೊಬ್ಬರೇ ಬಂದು ತಮ್ಮ ಪಾಲನ್ನು ಬೇರೆಬೇರೆ ಟ್ರ್ಯಾಕಿನಲ್ಲಿ ನುಡಿಸಿ ಹೋಗುವ ಕಾಲವಲ್ಲ ಅದು. ಪಿಟೀಲಿನವರು, ಕೊಳಲಿನವರು, ತಬಲಾ, ಗಿಟಾರ್, ಡ್ರಮ್ಸ್, ಕೋರಸ್, ಗಾಯಕರು ಎಲ್ಲರೂ ಒಂದೇ ಹೊತ್ತಿಗೆ ನುಡಿಸಿ ಹಾಡಬೇಕು. ಹಾಡಿನ ಕೊನೆಯ ಸಾಲಿನಲ್ಲಿ ಡ್ರಮ್ಸಿನವನ ಕೋಲು ತಪ್ಪಿದರೆ ಇಡೀ ಹಾಡು ಮತ್ತೆ ಮೊದಲಿನಿಂದ. ಇನ್ನೂ ದೊಡ್ಡ ತೊಂದರೆ ಎಂದರೆ ಡ್ರಮ್ಸಿನ ಸದ್ದು ಅದರ ಮೈಕಿಗಷ್ಟೇ ಬೀಳುವುದಿಲ್ಲ. ಸಿಂಬಲ್‌ಗೆ ಬಿದ್ದ ಒಂದು ಏಟು ಪಿಟೀಲಿನವರ ಮೈಕಿನಲ್ಲೂ ಕೇಳುತ್ತದೆ. ಪಿಟೀಲನ್ನು ಜಾಸ್ತಿ ಮಾಡಲು ಹೋದರೆ ಸಿಂಬಲ್ಲೂ ಜೊತೆಗೇ ಏರುತ್ತದೆ. ಆದ್ದರಿಂದ ಡ್ರಮ್ ಸೆಟ್ಟನ್ನು ಮರೆಕಟ್ಟಿ ಅಥವಾ ಬೇರೆ ಕೋಣೆಯಲ್ಲಿ ಇಡಬೇಕು, ಇಲ್ಲವೇ ಮೆಲ್ಲಗೆ ನುಡಿಸಬೇಕು. ರಾಕ್ ಡ್ರಮ್ಸನ್ನು ಮೆಲ್ಲಗೆ ನುಡಿಸಿದರೆ ಏನು ಉಳಿಯುತ್ತದೆ ಎಂಬುದನ್ನು ಆ ಕಾಲದ ಎಷ್ಟೋ ಹಾಡುಗಳೇ ಹೇಳುತ್ತವೆ.

ಇಷ್ಟೆಲ್ಲ ಮಾಡಿದ ಹಾಡು ಕೊನೆಗೆ ಕೇಳಿಸುತ್ತಿದ್ದದ್ದಾದರೂ ಎಲ್ಲಿ? ಚಿತ್ರಮಂದಿರದಲ್ಲಿ ಮತ್ತು ರೇಡಿಯೊದಲ್ಲಿ. ಫಿಲ್ಮಿನ ಅಂಚಿನಲ್ಲಿ ಅಚ್ಚಾಗುತ್ತಿದ್ದ ಒಂದೇ ಗೀಟಿನ ಧ್ವನಿಪಥದಲ್ಲಿ ಸುಮಾರು 8,000 ಹರ್ಟ್ಜ್‌ಗಿಂತ ಮೇಲಿನ ಸದ್ದು ಪ್ರೇಕ್ಷಕನ ಕಿವಿಗೆ ತಲುಪುವುದೇ ಕಷ್ಟ. ಸಿಂಬಲ್ಲಿನ ಮಿನುಗು ಇರುವುದೇ ಆ ಮೇಲಿನ ಭಾಗದಲ್ಲಿ. ಕೆಳಗಿನ ತುದಿಯಲ್ಲಿ ಬೇಸ್ ಗಿಟಾರಿನ ಗುಂಗು, ಕಾಲಿನಿಂದ ತುಳಿಯುವ ಕಿಕ್ ಡ್ರಮ್ಮಿನ ದಮ್ಮು ಕೂಡ ಸಣಕಲಾಗುತ್ತಿದ್ದವು. ರೇಡಿಯೊದ ಮೀಡಿಯಂ ವೇವ್ ಕೂಡ ಇದಕ್ಕಿಂತ ಉದಾರಿಯೇನಲ್ಲ. ಉಳಿದದ್ದು ನಡುವಿನ ಭಾಗ. ಗಾಯಕನ ದನಿ ಇರುವುದೂ ಅಲ್ಲೇ, ಎಲೆಕ್ಟ್ರಿಕ್ ಗಿಟಾರ್ ಕಿರುಚುವುದೂ ಅಲ್ಲೇ. ಇಬ್ಬರನ್ನೂ ಒಟ್ಟಿಗೆ ಬಿಟ್ಟರೆ ಸಾಹಿತ್ಯ ಕೇಳುವುದಿಲ್ಲ. ಚಿ. ಉದಯಶಂಕರ್ ಬರೆದ ಒಂದು ಪದ ಕೇಳದಿದ್ದರೂ ಒಪ್ಪದ ಪ್ರೇಕ್ಷಕರಿದ್ದ ಕಾಲದಲ್ಲಿ ಗಿಟಾರನ್ನೇ ಸಂದಿಗೆ ತಳ್ಳಬೇಕಾಯಿತು.

ಸಂದಿಯಿಂದ ಹೊರಬರಲು ಅದಕ್ಕೆ ಕಥೆಯ ನೆಪ ಬೇಕಿತ್ತು. ಕ್ಲಬ್ಬು, ಕಳ್ಳಸಾಗಣೆದಾರರ ಅಡ್ಡೆ, ಪತ್ತೇದಾರ ನಾಯಕ ಇದ್ದರೆ ಎಲ್ಲ ಮಾಫಿ. ದೊರೈ-ಭಗವಾನ್ ಜೋಡಿಯ ಸಿಐಡಿ 999 ಚಿತ್ರಗಳು 1968ರ 'ಜೇಡರ ಬಲೆ'ಯಿಂದ ಈ ಬಾಗಿಲನ್ನು ತೆರೆದಿದ್ದವು. ಆ ಸರಣಿಯ 1978ರ 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲಿ ಜಿ.ಕೆ. ವೆಂಕಟೇಶ್ ಅವರು ರಾಜ್‌ಕುಮಾರ್ ಅವರಿಂದಲೇ 'ಇಫ್ ಯು ಕಮ್ ಟುಡೇ' ಹಾಡಿಸಿದರು. ಅದೇ ವರ್ಷ 'ಶಂಕರ್ ಗುರು'ವಿನಲ್ಲಿ ಉಪೇಂದ್ರಕುಮಾರ್ 'ಲವ್ ಮಿ ಆರ್ ಹೇಟ್ ಮಿ' ಮಾಡಿಸಿದರು. ರಂಗಗೀತೆಯ ಗರಡಿಯಲ್ಲಿ ಪಳಗಿದ ಕಂಠವೊಂದು ಇಂಗ್ಲಿಷ್ ಪಲ್ಲವಿಯ ಮೇಲೆ ಇಷ್ಟು ಸಲೀಸಾಗಿ ಕೂರುವುದು ನನಗೆ ಇಂದಿಗೂ ಸೋಜಿಗ. ಎರಡೂ ಚಿತ್ರಗಳಲ್ಲಿ ಆ ಹಾಡುಗಳು ಅತಿಥಿಗಳಂತೆ ಬಂದು ಹೋಗುತ್ತವೆ. ಉಳಿದ ಹಾಡುಗಳ ಅಂಗಳಕ್ಕೆ ಅವು ಕಾಲಿಡುವುದಿಲ್ಲ.

ಈ ವೆಂಕಟೇಶ್ ಅವರ ವಾದ್ಯವೃಂದದಲ್ಲೇ ಎಪ್ಪತ್ತರ ಮೊದಲ ವರ್ಷಗಳಲ್ಲಿ ಗಿಟಾರ್ ಮತ್ತು ಕಾಂಬೊ ಆರ್ಗನ್ ನುಡಿಸುತ್ತಾ, ಸಹಾಯಕನಾಗಿ ಸ್ವರ ಬರೆದುಕೊಡುತ್ತಾ ಇದ್ದ ಯುವಕ ಇಳಯರಾಜ. ಮದ್ರಾಸಿನ ಧನರಾಜ್ ಮಾಸ್ಟರ್ ಬಳಿ ಪಾಶ್ಚಾತ್ಯ ಸಂಗೀತ ಕಲಿತಿದ್ದವರು. 1976ರಲ್ಲಿ ತಮಿಳಿನ 'ಅನ್ನಕ್ಕಿಳಿ'ಯಿಂದ ಸ್ವತಂತ್ರರಾದರು. ಕನ್ನಡ ಹಾಡು ಎಲ್ಲಿ ಉಸಿರೆಳೆದುಕೊಳ್ಳುತ್ತದೆ ಎಂಬುದನ್ನು ಅವರು ಮೊದಲು ತಿಳಿದದ್ದು ಹಾಗೆ, ವಾದಕನ ಕುರ್ಚಿಯಲ್ಲಿ ಕೂತು. 1981ರಲ್ಲಿ ಶಂಕರ್ ನಾಗ್ ತಾವೇ ನಿರ್ದೇಶಿಸಿ ನಟಿಸಿದ 'ಗೀತಾ'ಕ್ಕೆ ಸಂಗೀತ ಮಾಡಲು ಬಂದಾಗ ಆ ತಿಳಿವಳಿಕೆ ಕೆಲಸಕ್ಕೆ ಬಂತು.

'ಗೀತಾ'ದ ನಾಯಕ ಪಾಪ್ ಗಾಯಕ. ಅಂದ ಮೇಲೆ ಗಿಟಾರಿಗೆ ಬೇರೆ ನೆಪ ಬೇಕಿಲ್ಲ, ಅದು ಅವನ ಹೊಟ್ಟೆಪಾಡು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದ 'ಸಂತೋಷಕ್ಕೆ'ಯನ್ನು ಕೇಳುವಾಗ ಮೊದಲು ಗಮನಿಸಬೇಕಾದದ್ದು ತಾಳವನ್ನು. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ. ನಮ್ಮ ಆದಿತಾಳದ ಅಭ್ಯಾಸದಲ್ಲಿ ಭಾರವೆಲ್ಲ ಸಮದ ಮೇಲೆ, ಅಂದರೆ ಮೊದಲ ಎಣಿಕೆಯ ಮೇಲೆ. ರಾಕ್ ಮತ್ತು ಅದರಿಂದ ಕವಲೊಡೆದ ಪಾಪ್, ಡಿಸ್ಕೊಗಳಲ್ಲಿ ಕಿಕ್ ಡ್ರಮ್ ಸಮವನ್ನು ಹಿಡಿಯುತ್ತದೆ, ಗಟ್ಟಿಯಾಗಿ ಕೇಳುವ ಸ್ನೇರ್ ಡ್ರಮ್ಮಿನ ಏಟು ಎರಡು ಮತ್ತು ನಾಲ್ಕನೇ ಎಣಿಕೆಗಳ ಮೇಲೆ ಬೀಳುತ್ತದೆ. ಸಭೆಯಲ್ಲಿ ಚಪ್ಪಾಳೆ ತಟ್ಟುವಾಗ ನಮ್ಮವರಲ್ಲಿ ಅರ್ಧ ಜನ ಒಂದಕ್ಕೆ, ಅರ್ಧ ಜನ ಎರಡಕ್ಕೆ ತಟ್ಟಿ ಗೊಂದಲವಾಗುವುದು ಇದೇ ಕಾರಣಕ್ಕೆ.

ಕನ್ನಡಕ್ಕೆ ಇದು ಒಗ್ಗದು ಎಂಬ ಮಾತಿತ್ತು. ನನಗನಿಸುವುದು ತಿರುಗುಮುರುಗು. ಕನ್ನಡದ ಮಾತಿನಲ್ಲಿ ಒತ್ತು ಸಾಮಾನ್ಯವಾಗಿ ಪದದ ಮೊದಲ ಅಕ್ಷರಕ್ಕೆ. ಪದವನ್ನು ಸಮದ ಮೇಲೆ ಎತ್ತಿಕೊಂಡರೆ ಆ ಮೊದಲ ಅಕ್ಷರ ಸ್ನೇರ್‌ನ ಏಟಿಗೆ ಸಿಗದೆ ತಪ್ಪಿಸಿಕೊಳ್ಳುತ್ತದೆ, ಏಟು ಪದದ ನಡುವಿಗೋ ಬಾಲಕ್ಕೋ ಬೀಳುತ್ತದೆ. ಪದವೂ ಸ್ಪಷ್ಟ, ಏಟೂ ಸ್ಪಷ್ಟ. ಇನ್ನೊಂದು ಉಪಾಯ ಸಾಹಿತ್ಯದ್ದು: ಒಂದೇ ಪದವನ್ನು ಮತ್ತೆಮತ್ತೆ ತಂದು ಕಿವಿಗೆ ಕಚ್ಚಿಸುವುದು. ಪ್ರಾಸದ ಸಾಲುಗಳನ್ನು ಹೆಣೆಯುವ ಯುಗಳಗೀತೆಯ ಮಟ್ಟುಗಳಿಗಿಂತ ಇದು ಬೇರೆ ಜಾತಿ. ಪದ ಮೊದಲ ಸಲವೇ ಗೊತ್ತಾಗಿಬಿಡುವುದರಿಂದ ಆಮೇಲೆ ವಾದ್ಯಗಳು ಎಷ್ಟು ಗಲಾಟೆ ಮಾಡಿದರೂ ನಡೆಯುತ್ತದೆ. ಸಂದಿಯಲ್ಲಿದ್ದ ಡ್ರಮ್ಸು, ಗಿಟಾರು ಪಲ್ಲವಿಯೊಳಗೇ ಬಂದು ಕೂರಲು ದಾರಿಯಾದದ್ದು ಹೀಗೆ.

ಇಳಯರಾಜ ಅವರ ವೃಂದದಲ್ಲಿ ಆ ವರ್ಷಗಳಲ್ಲಿ ಡ್ರಮ್ಸಿಗೆ ಪುರುಷೋತ್ತಮನ್, ಗಿಟಾರಿಗೆ ಅವರ ಸಹೋದರ ಚಂದ್ರಶೇಖರ್ ಇದ್ದರು. ರಾಜ ಪ್ರತಿ ವಾದ್ಯದ ಪಾಲನ್ನೂ ತಾವೇ ಬರೆದುಕೊಡುವವರು. ಬೇಸ್ ಗಿಟಾರಿನದನ್ನು ಸಹ. ಹಳೆಯ ಕ್ರಮದಲ್ಲಿ ಬೇಸ್‌ನ ಕೆಲಸ ಶ್ರುತಿಗೆ ಆಸರೆಯಾಗಿ ಒಂದೆರಡು ಸ್ವರ ಒತ್ತುವುದು. ಇವರ ಬರವಣಿಗೆಯಲ್ಲಿ ಬೇಸ್ ತಾನೇ ಒಂದು ರಾಗಸಂಚಾರ ಮಾಡುತ್ತದೆ, ಗಾಯಕ ಒಂದು ಸ್ವರ ಹಿಡಿದು ನಿಂತಾಗ ಅದು ಕೆಳಗೆ ನಡೆಯುತ್ತಿರುತ್ತದೆ. ಬಾಲು ಮತ್ತು ಜಾನಕಿ ಹಾಡಿದ 'ಜೊತೆಯಲಿ' ಹಾಡನ್ನು ಒಳ್ಳೆಯ ಹೆಡ್‌ಫೋನ್ ಹಾಕಿ ಬೇಸ್ ಒಂದನ್ನೇ ಹಿಂಬಾಲಿಸಿ ಕೇಳಿದರೆ, ಅಂದಿನ ಟಾಕೀಸಿನಲ್ಲಿ ನಮ್ಮವರು ಏನನ್ನು ಕಳೆದುಕೊಂಡರು ಎಂಬುದು ತಿಳಿಯುತ್ತದೆ.

ಅಂದಹಾಗೆ, ರಾಕ್ ಎಂದರೆ ಗಲಾಟೆಯೇ ಆಗಬೇಕಿಲ್ಲ. 1983ರ 'ಪಲ್ಲವಿ ಅನುಪಲ್ಲವಿ' ಮಣಿರತ್ನಂ ಅವರ ಮೊದಲ ಚಿತ್ರ, ಅದೂ ಕನ್ನಡದಲ್ಲಿ. ಅದರ 'ನಗುವ ನಯನ'ದ ಮೆದು ಗಿಟಾರಿನ ಮೀಟು ಮುಂದೆ ಮೊಬೈಲ್ ಕಂಪನಿಯೊಂದರ ಜಾಹೀರಾತಿನಿಂದ ದೇಶದ ತುಂಬ ಕೇಳಿತು.

ತೆರೆಯ ಮೇಲಿನ ಗಿಟಾರಿನ ಕಥೆ ಬೇರೆ. ಬೆಟ್ಟದ ತುದಿಯಲ್ಲಿ ನಿಂತ ನಾಯಕನ ಕೈಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಇರುತ್ತದೆ, ಅದರಿಂದ ಒಂದು ವೈರೂ ಹೊರಡುವುದಿಲ್ಲ. ಎಡಗೈ ಬೆರಳುಗಳು ಇಡೀ ಹಾಡಿಗೆ ಒಂದೇ ಜಾಗದಲ್ಲಿ. ಯಾರೂ ತಕರಾರು ತೆಗೆಯಲಿಲ್ಲ.

ಡ್ರಮ್ಸ್ ಹಾಡಿನ ಒಳಗೆ ಗಟ್ಟಿಯಾಗಿ ನಿಂತ ಹೊತ್ತಿಗೇ ಅದನ್ನು ಎಬ್ಬಿಸುವ ಯಂತ್ರವೂ ಬಂತು. 1987ರಲ್ಲಿ ಹಂಸಲೇಖ ಸಂಗೀತದ 'ಪ್ರೇಮಲೋಕ' ಬಿಡುಗಡೆಯಾಯಿತು. ಅಲ್ಲಿ ಹಾಡುಗಳು ಕಥೆಗೆ ಅಂಟಿಸಿದವಲ್ಲ, ಕಥೆಯೇ ಹಾಡುಗಳ ಮೇಲೆ ನಡೆಯುತ್ತದೆ. ಕಾಲೇಜು, ಬೈಕು, ಹುಡುಗ-ಹುಡುಗಿಯರ ಜಟಾಪಟಿ ಎಲ್ಲವೂ ಪಾಪ್ ತಾಳದಲ್ಲಿ, ಆಡುಮಾತಿನ ಕನ್ನಡದಲ್ಲಿ. ಎಲೆಕ್ಟ್ರಾನಿಕ್ ತಾಳಕ್ಕೂ ಕೀಬೋರ್ಡಿಗೂ ಈಗ ಮುಂದಿನ ಸಾಲು. ಎಲೆಕ್ಟ್ರಾನಿಕ್ ಡ್ರಮ್ಮಿಗೆ ಮೈಕ್ ಬೇಡ, ಆದ್ದರಿಂದ ಪಿಟೀಲಿನ ಮೈಕಿಗೆ ಅದು ಸೋರುವುದೂ ಇಲ್ಲ. ಕೋಲು ತಪ್ಪುವ ಭಯವೂ ಇಲ್ಲ. ಹಾಡು ಟಾಕೀಸಿಗಿಂತ ಹೆಚ್ಚಾಗಿ ಕ್ಯಾಸೆಟ್ಟಿನಲ್ಲಿ ಕೇಳುವ ಕಾಲ ಬಂದದ್ದರಿಂದ ಬೇಸ್ ಕೂಡ ಮನೆಯ ಟೇಪ್‌ರೆಕಾರ್ಡರಿನಲ್ಲಿ ದಮ್ಮೆಂದು ಕೇಳತೊಡಗಿತು.

ಕಷ್ಟಕ್ಕೆ ಸಿಕ್ಕಿಕೊಂಡವರು ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದವರು. 'ಸಂತೋಷಕ್ಕೆ' ಅವರಿಗೆ ಹೇಳಿ ಮಾಡಿಸಿದ ಹಾಡಾಗಿತ್ತು. ಇಪ್ಪತ್ತು ಪಿಟೀಲು ಕಟ್ಟಿಕೊಂಡು ಊರೂರು ತಿರುಗಲಾಗದ್ದರಿಂದ ಪಿಟೀಲಿನ ಪಾಲನ್ನೂ ಗಿಟಾರ್, ಕೀಬೋರ್ಡುಗಳೇ ಹೊರುತ್ತಿದ್ದವು. ಮೂಲ ರೆಕಾರ್ಡಿಗಿಂತ ವೇದಿಕೆಯ ಆವೃತ್ತಿಯೇ ರಾಕ್‌ಗೆ ಹತ್ತಿರ ಇರುತ್ತಿತ್ತು. 'ಪ್ರೇಮಲೋಕ' ಬಂದ ಮೇಲೆ ಜನ ಕೇಳಿದ್ದು ಯಂತ್ರದ ಸದ್ದನ್ನು. ಡ್ರಮ್ಸಿನವನು ಎಷ್ಟೇ ಚೆನ್ನಾಗಿ ನುಡಿಸಿದರೂ ಕ್ಯಾಸೆಟ್ಟಿನಲ್ಲಿದ್ದಂತೆ ಇಲ್ಲವೆಂದು ಕೆಳಗಿನಿಂದ ಕೂಗು. ಕ್ರಮೇಣ ಡ್ರಮ್ ಸೆಟ್ಟಿನ ಪಕ್ಕಕ್ಕೆ ಒಂದು ರಿದಂ ಪ್ಯಾಡ್ ಬಂತು, ಮೊದಲು ಒಂದೆರಡು ಹಾಡಿಗೆ, ಆಮೇಲೆ ಎಲ್ಲದಕ್ಕೂ. ಎರಡು ಕೋಲು, ಒಂದು ಹಲಗೆ, ವ್ಯಾನಿನಲ್ಲಿ ಜಾಗವೂ ಉಳಿತಾಯ.