ನೀರಿನಲ್ಲಿ ತೂಗಿ ನೋಡುವ ಚಿನ್ನ

ಒಡವೆ ಅಸಲಿಯೋ ನಕಲಿಯೋ ಎಂದು ತಿಳಿಯಲು ಮನೆಗಳಲ್ಲಿ ಮಾಡುವ ಹೆಚ್ಚಿನ ಪರೀಕ್ಷೆಗಳು ಅದರ ಮೇಲ್ಮೈಯನ್ನಷ್ಟೇ ನೋಡುತ್ತವೆ. ನಿಂಬೆರಸ ಅಥವಾ ವಿನೆಗರ್ ಹಚ್ಚಿ ಬಣ್ಣ ಕಪ್ಪಾಗುತ್ತದೆಯೇ ಎಂದು ನೋಡುವುದು ಅಂಥದ್ದು. ಆದರೆ ‘ಒಂದು ಗ್ರಾಂ ಚಿನ್ನ’ದ ಬಳೆಯ ಮೇಲೆ ಹೊದಿಸಿರುವ ಲೇಪ ಚಿನ್ನವೇ ಆದ್ದರಿಂದ, ಅದು ಸವೆಯುವವರೆಗೂ ಒಳಗಿನ ತಾಮ್ರ ಅಥವಾ ಹಿತ್ತಾಳೆಗೆ ಹುಳಿ ತಾಗುವುದೇ ಇಲ್ಲ. ಆಯಸ್ಕಾಂತದ ಪರೀಕ್ಷೆಯೂ ಹೆಚ್ಚೇನೂ ಹೇಳುವುದಿಲ್ಲ. ಅದು ಕಬ್ಬಿಣ, ನಿಕ್ಕಲ್‌ಗಳನ್ನು ಹಿಡಿದುಕೊಡುತ್ತದೆ. ತಾಮ್ರ, ಹಿತ್ತಾಳೆ, ಬೆಳ್ಳಿ, ಸೀಸ ಯಾವುದೂ ಅದಕ್ಕೆ ಅಂಟುವುದಿಲ್ಲ. ಜೊತೆಗೆ ಅಸಲಿ ಸರದ ಕೊಂಡಿಯೊಳಗೆ ಉಕ್ಕಿನ ಸಣ್ಣ ಸ್ಪ್ರಿಂಗ್ ಇದ್ದರೆ ಆ ಜಾಗ ಮಾತ್ರ ಆಯಸ್ಕಾಂತದತ್ತ ವಾಲುತ್ತದೆ, ಮನೆಯವರು ಸುಮ್ಮನೆ ಗಾಬರಿಯಾಗುತ್ತಾರೆ. ಅಕ್ಕಸಾಲಿಗರು ಒರೆಗಲ್ಲಿನ ಜೊತೆ ಬಳಸುವ ನೈಟ್ರಿಕ್ ಆಮ್ಲ ಚರ್ಮವನ್ನೂ ಕಣ್ಣನ್ನೂ ಸುಡುವಂಥದ್ದು. ಅದನ್ನು ಮನೆಗೆ ತರಲೇಬಾರದು.

ಮೇಲ್ಮೈಯನ್ನು ದಾಟಿ ಇಡೀ ಒಡವೆಯ ಬಗ್ಗೆ ಹೇಳುವ ಮನೆಪರೀಕ್ಷೆ ಎಂದರೆ ಸಾಂದ್ರತೆಯದು. ಶುದ್ಧ ಚಿನ್ನದ ಒಂದು ಘನ ಸೆಂಟಿಮೀಟರ್ 19.3 ಗ್ರಾಂ ತೂಗುತ್ತದೆ. ಅಷ್ಟೇ ಗಾತ್ರದ ಬೆಳ್ಳಿ 10.5 ಗ್ರಾಂ, ತಾಮ್ರ ಸುಮಾರು 9 ಗ್ರಾಂ, ಹಿತ್ತಾಳೆ ಸುಮಾರು 8.5 ಗ್ರಾಂ. 22 ಕ್ಯಾರೆಟ್ ಒಡವೆಯಲ್ಲಿ ಶೇಕಡಾ 91.6 ಚಿನ್ನವಿದ್ದು ಉಳಿದದ್ದು ತಾಮ್ರ, ಬೆಳ್ಳಿಗಳ ಬೆರಕೆ. ಬೆರಕೆಯಲ್ಲಿ ತಾಮ್ರ ಹೆಚ್ಚೋ ಬೆಳ್ಳಿ ಹೆಚ್ಚೋ ಎನ್ನುವುದನ್ನು ಅವಲಂಬಿಸಿ ಒಡವೆಯ ಸಾಂದ್ರತೆ 17.6ರಿಂದ 18ರ ನಡುವೆ ಇರುತ್ತದೆ. 18 ಕ್ಯಾರೆಟ್ಟಿನದು 15ರಿಂದ 16.

ಇದಕ್ಕೆ ಬೇಕಾದದ್ದು 0.01 ಗ್ರಾಂವರೆಗೆ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ, ಒಂದು ಗಾಜಿನ ಲೋಟ, ನೀರು ಮತ್ತು ತೆಳುವಾದ ನೈಲಾನ್ ದಾರ. ಮೊದಲು ಒಡವೆಯನ್ನು ಒಣಗಿದ್ದಾಗಲೇ ತೂಗಿ ಬರೆದಿಟ್ಟುಕೊಳ್ಳಬೇಕು. ಆಮೇಲೆ ನೀರು ತುಂಬಿದ ಲೋಟವನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತರಬೇಕು. ಈಗ ದಾರಕ್ಕೆ ಕಟ್ಟಿದ ಒಡವೆಯನ್ನು, ತಳಕ್ಕೂ ಅಂಚಿಗೂ ತಾಗದಂತೆ, ನೀರಿನಲ್ಲಿ ಪೂರ್ತಿ ಮುಳುಗುವ ಹಾಗೆ ಕೈಯಲ್ಲಿ ತೂಗುಬಿಡಬೇಕು. ಆಗ ತಕ್ಕಡಿ ತೋರಿಸುವುದು ಒಡವೆಯ ತೂಕವನ್ನಲ್ಲ, ಅದು ಸರಿಸಿದ ನೀರಿನ ತೂಕವನ್ನು. ಒಂದು ಘನ ಸೆಂಟಿಮೀಟರ್ ನೀರು ಹೆಚ್ಚುಕಡಿಮೆ ಒಂದು ಗ್ರಾಂ ಇರುವುದರಿಂದ ಆ ಅಂಕಿಯೇ ಒಡವೆಯ ಗಾತ್ರ. ಮೊದಲ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ.

ಕಲ್ಲು, ಅರಗು ಯಾವುದೂ ಇಲ್ಲದ 20.00 ಗ್ರಾಂ ತೂಕದ ಗಟ್ಟಿ ಬಳೆಯೊಂದನ್ನು ಹೀಗೆ ಮುಳುಗಿಸಿದಾಗ ತಕ್ಕಡಿ 1.13 ತೋರಿಸಿತು ಎಂದುಕೊಳ್ಳೋಣ. 20ನ್ನು 1.13ರಿಂದ ಭಾಗಿಸಿದರೆ 17.7 ಬರುತ್ತದೆ, 22 ಕ್ಯಾರೆಟ್ಟಿಗೆ ಹೊಂದುವ ಅಂಕಿ ಅದು. ಅಷ್ಟೇ ತೂಕದ ಬಳೆ ಲೇಪ ಹೊದ್ದ ಹಿತ್ತಾಳೆಯದಾಗಿದ್ದರೆ ತಕ್ಕಡಿ 2.35ರ ಆಸುಪಾಸು ತೋರಿಸುತ್ತಿತ್ತು. ಇಷ್ಟು ದೊಡ್ಡ ಅಂತರವನ್ನು ಯಾವ ಹೊಳಪೂ ಮುಚ್ಚಿಡಲಾರದು.

ಈ ಪರೀಕ್ಷೆಯಲ್ಲಿ ಆಗುವ ತಪ್ಪುಗಳು ಬಹುಮಟ್ಟಿಗೆ ಒಂದೇ ಕಡೆಗೆ ವಾಲುತ್ತವೆ ಎನ್ನುವುದನ್ನು ಗಮನಿಸಬೇಕು. ಅದೇ ಅಸಲಿ ಬಳೆಯ ಕೆತ್ತನೆಯ ಸಂದುಗಳಲ್ಲಿ ಒಟ್ಟು 0.1 ಘನ ಸೆಂಟಿಮೀಟರ್ ಗಾಳಿ ಗುಳ್ಳೆಗಳಾಗಿ ಕೂತಿದ್ದರೆ ತಕ್ಕಡಿ 1.23 ತೋರಿಸುತ್ತದೆ, ಸಾಂದ್ರತೆ 16.3ಕ್ಕೆ ಇಳಿಯುತ್ತದೆ. ಒಡವೆ ಲೋಟದ ತಳಕ್ಕೆ ತಾಗಿದರೂ ಅಂಕಿ ಏರುತ್ತದೆ. ಟೊಳ್ಳು ಗುಂಡುಗಳ ಸರ, ಅರಗು ತುಂಬಿದ ಒಡವೆ, ಹರಳು ಕೂರಿಸಿದ ಓಲೆ ಇವೆಲ್ಲವೂ ಚಿನ್ನ ಚೊಕ್ಕವಾಗಿದ್ದರೂ ಹಗುರವಾಗಿಯೇ ಕಾಣುತ್ತವೆ. ಹಾಗಾಗಿ ಸಾಂದ್ರತೆ ಕಡಿಮೆ ಬಂದ ಕೂಡಲೇ ನಕಲಿ ಎಂದು ತೀರ್ಮಾನಿಸುವುದು ಅನ್ಯಾಯ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಒಡವೆಯನ್ನು ನೀರಿನೊಳಗೇ ಅಲುಗಾಡಿಸಿ ಗುಳ್ಳೆ ಬಿಡಿಸಿ, ಮತ್ತೆ ಎರಡು ಮೂರು ಸಲ ತೂಗಬೇಕು.

ಅಂಕಿ ಸರಿಯಾಗಿ ಬಂದರೂ ಮೋಸ ಉಳಿದಿರಬಹುದಾದ ದಾರಿ ಒಂದಿದೆ. ಟಂಗ್‌ಸ್ಟನ್ ಎಂಬ ಲೋಹದ ಸಾಂದ್ರತೆ 19.25, ಅಂದರೆ ಚಿನ್ನದ್ದೇ ಎನ್ನಬಹುದಾದಷ್ಟು ಹತ್ತಿರ. ಅದು ಗಡುಸು, ಬಗ್ಗಿಸಿದರೆ ಮುರಿಯುತ್ತದೆ, ಕರಗಿಸಲು 3,400 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಶಾಖ ಬೇಕು. ಆದ್ದರಿಂದ ಸೂಕ್ಷ್ಮ ಕೆಲಸದ ಒಡವೆಯಲ್ಲಿ ಅದರ ಭಯ ಕಡಿಮೆ, ಚಿನ್ನದ ಗಟ್ಟಿಯೊಳಗೆ ಅಡಗಿಸಿಡುವುದು ಸಾಧ್ಯ. ಗಟ್ಟಿ, ಬಿಸ್ಕತ್ತುಗಳ ವಿಷಯದಲ್ಲಿ ನೀರಿನ ಲೋಟವನ್ನು ನಂಬಬಾರದು. ಪಾಯ ಅಗೆಯುವಾಗ ಸಿಕ್ಕಿತೆಂದು ಹೇಳಿ ನಾಣ್ಯ ಮಾರುವವರ ಮೋಸ ಇನ್ನೂ ಸರಳ: ಪರೀಕ್ಷೆಗೆಂದು ಕೊಡುವ ಒಂದೆರಡು ನಾಣ್ಯ ನಿಜವಾದ ಚಿನ್ನದವು, ಆಮೇಲೆ ಗಂಟಿನಲ್ಲಿ ಬರುವವು ಹಿತ್ತಾಳೆಯವು. ಪರೀಕ್ಷೆ ಎಷ್ಟೇ ನಿಖರವಾಗಿದ್ದರೂ ತೂಗದ ನಾಣ್ಯದ ಬಗ್ಗೆ ಅದು ಏನನ್ನೂ ಹೇಳಲಾರದು.

ಇನ್ನೊಂದು ಮಿತಿ ತೂಕದ್ದು. 2 ಗ್ರಾಂ ಮೂಗುತಿ ಅಥವಾ ಉಂಗುರ ಸರಿಸುವ ನೀರು ಬರೀ 0.11 ಗ್ರಾಂ. ತಕ್ಕಡಿಯ ಕೊನೆಯ ಅಂಕಿ ಒಂದು ಕಡಿಮೆಯಾದರೆ ಸಾಂದ್ರತೆ 20, ಒಂದು ಹೆಚ್ಚಾದರೆ 16.7. ಅಂಥ ಒಡವೆ ಹಿತ್ತಾಳೆಯಲ್ಲ ಎಂದು ಹೇಳಬಹುದೇ ಹೊರತು ಎಷ್ಟು ಕ್ಯಾರೆಟ್ ಎಂದು ಹೇಳಲಾಗದು. ಭಾರವಾದ ಒಡವೆಯಲ್ಲೂ ಒಂದು ಕ್ಯಾರೆಟ್ಟಿನ ವ್ಯತ್ಯಾಸ ಸಿಕ್ಕುವುದಿಲ್ಲ: ಬೆಳ್ಳಿ ಬೆರೆತ 21 ಕ್ಯಾರೆಟ್ಟಿನ ಸಾಂದ್ರತೆ 17.5, ತಾಮ್ರ ಬೆರೆತ 22 ಕ್ಯಾರೆಟ್ಟಿನದು 17.6. ಅಲ್ಲಿಂದ ಮುಂದಿನದು ಹಾಲ್‌ಮಾರ್ಕ್ ಕೇಂದ್ರದ ಕೆಲಸ. ಅಲ್ಲಿಯ ಎಕ್ಸ್-ರೇ ಯಂತ್ರವೂ ಮೇಲಿನ ತೆಳು ಪದರವನ್ನಷ್ಟೇ ಓದುತ್ತದೆ. ಚೂರು ತೆಗೆದು ಕರಗಿಸಿ ನೋಡುವ ಪರೀಕ್ಷೆಯೇ ಕೊನೆಯ ಮಾತು. ಹಾಲ್‌ಮಾರ್ಕ್ ಇರುವ ಒಡವೆಯಾದರೆ 22ಕೆ916 ಗುರುತಿನ ಜೊತೆ ಕೊರೆದಿರುವ ಆರು ಅಕ್ಷರ–ಅಂಕಿಗಳ ಎಚ್‌ಯುಐಡಿಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಅಸಲಿ ಗುರುತನ್ನು ನಕಲು ಮಾಡಿ ಬೇರೆ ಒಡವೆಯ ಮೇಲೆ ಕೊರೆಯಬಹುದಾದ್ದರಿಂದ, ಆ್ಯಪ್ ಬಳೆ ಎಂದು ತೋರಿಸುವಾಗ ಕೈಯಲ್ಲಿರುವುದು ಬಳೆಯೇ ಎಂದೂ ನೋಡಬೇಕು.

ಬಿಡಿ ಹರಳುಗಳಿಗೂ ಇದೇ ತಕ್ಕಡಿ ಸ್ವಲ್ಪ ದೂರ ಬರುತ್ತದೆ. ಮಾಣಿಕ್ಯ, ನೀಲಗಳ ಸಾಂದ್ರತೆ 4. ಸಾಧಾರಣ ಗಾಜಿನದು 2.5. ಐದು ಕ್ಯಾರೆಟ್ಟಿನ, ಅಂದರೆ ಒಂದು ಗ್ರಾಂ ತೂಕದ ಕೆಂಪು ಹರಳು 0.25 ಗ್ರಾಂ ನೀರು ಸರಿಸಿದರೆ ಮಾಣಿಕ್ಯಕ್ಕೆ ಹೊಂದುತ್ತದೆ, 0.40 ಸರಿಸಿದರೆ ಗಾಜು. ಆದರೆ ಫ್ರಾನ್ಸಿನ ವರ್ನೂಯಿ 1902ರಲ್ಲಿ ಪ್ರಕಟಿಸಿದ ಜ್ವಾಲೆಯ ವಿಧಾನದಿಂದ ಬೆಳೆಸಿದ ಕೃತಕ ಮಾಣಿಕ್ಯದ್ದೂ ಅದೇ ರಾಸಾಯನಿಕ ರಚನೆ, ಅದೇ ಸಾಂದ್ರತೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ಅದರೊಳಗೆ ಬಾಗಿದ ಗೆರೆಗಳೋ ದುಂಡನೆಯ ಗುಳ್ಳೆಗಳೋ ಕಂಡರೆ ಕುಲುಮೆಯಲ್ಲಿ ಹುಟ್ಟಿದ್ದೆಂದು ತಿಳಿಯುತ್ತದೆ. ಕಾಣದಿದ್ದರೆ ಗಣಿಯದ್ದೇ ಎಂದು ಹೇಳುವಂತಿಲ್ಲ.

ವಜ್ರದ ಮುಂದೆ ಮನೆಯ ತಕ್ಕಡಿ ಸೋಲುತ್ತದೆ. ಒಂದು ಕ್ಯಾರೆಟ್ ವಜ್ರ ಸರಿಸುವುದು 0.06 ಗ್ರಾಂ ನೀರು; ಮಾಯ್ಸನೈಟ್ ಎಂಬ ಕೃತಕ ಹರಳು ಸರಿಸುವುದೂ ಅಷ್ಟೇ. ಹರಳಿನ ಮೇಲೆ ಉಸಿರು ಬಿಟ್ಟು ಮಂಜು ಎಷ್ಟು ಬೇಗ ಆರುತ್ತದೆ ಎಂದು ನೋಡುವ ಉಪಾಯ ಗಾಜನ್ನು ಬೇರ್ಪಡಿಸಲು ಸಾಕು, ಏಕೆಂದರೆ ವಜ್ರ ಶಾಖವನ್ನು ಬಲು ಬೇಗ ಹರಡುತ್ತದೆ. ಮಾಯ್ಸನೈಟ್ ಕೂಡ ಶಾಖವನ್ನು ಚೆನ್ನಾಗಿ ಹರಡುವುದರಿಂದ ಅಂಗಡಿಯ ಶಾಖಮಾಪಕ ಪೆನ್ನು ಕೂಡ ಅದನ್ನು ವಜ್ರವೆಂದು ತೋರಿಸಬಹುದು. ಮಸೂರದಲ್ಲಿ ಓರೆಯಾಗಿ ನೋಡಿದಾಗ ಹಿಂಬದಿಯ ಅಂಚುಗಳು ಜೋಡಿಯಾಗಿ ಕಂಡರೆ ಅದು ಮಾಯ್ಸನೈಟ್. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವಾದರೋ ರಚನೆಯಲ್ಲಿ ವಜ್ರವೇ. ಅದು ನೆಲದಡಿಯದೋ ಅಲ್ಲವೋ ಎಂದು ಹೇಳಲು ರತ್ನ ಪ್ರಯೋಗಾಲಯದ ಬೆಳಕಿನ ರೋಹಿತದ ಪರೀಕ್ಷೆಯೇ ಬೇಕು.